ಇಪ್ಪತ್ತೆರಡೋ, ಇಪ್ಪತ್ತಾರೋ?

ಕಾತ್ರಜದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ 13 ವರ್ಷದ ಮಗಳಿಗೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ. ಜನವರಿಯ ಎಕ್ಸ್-ರೇ ವರದಿಯಲ್ಲಿ 22 ಡಿಗ್ರಿ ಇತ್ತು, ಜುಲೈನಲ್ಲಿ 26 ಆಯಿತು. "ಆರೇ ತಿಂಗಳಲ್ಲಿ ಇಷ್ಟು ಹೆಚ್ಚಾಯಿತೇ?" ಎಂಬುದು ಅವರ ಆತಂಕ.

ಈ ಡಿಗ್ರಿಗೆ ಕಾಬ್ ಕೋನ ಎಂದು ಹೆಸರು. ಅಮೆರಿಕದ ಮೂಳೆವೈದ್ಯ ಜಾನ್ ಕಾಬ್ 1948ರಲ್ಲಿ ಹೇಳಿಕೊಟ್ಟ ವಿಧಾನ ಇದು. ಬೆನ್ನುಮೂಳೆ ಎಂದರೆ ಒಂದರ ಮೇಲೊಂದು ಕೂತ ಮಣಿಗಳ ಸಾಲು. ಬಾಗಿನ ಮೇಲ್ತುದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓರೆಯಾದ ಮಣಿಯನ್ನು ಹುಡುಕಿ ಅದರ ಮೇಲಂಚಿಗೆ ಒಂದು ಗೆರೆ ಎಳೆಯುತ್ತಾರೆ. ಕೆಳತುದಿಯಲ್ಲಿ ಎದುರು ದಿಕ್ಕಿಗೆ ಎಲ್ಲಕ್ಕಿಂತ ಹೆಚ್ಚು ವಾಲಿದ ಮಣಿಯ ಕೆಳಂಚಿಗೆ ಇನ್ನೊಂದು ಗೆರೆ. ಈ ಎರಡು ಗೆರೆಗಳ ನಡುವಿನ ಕೋನವೇ ನಮ್ಮ ಡಿಗ್ರಿ. ಬಾಗು ಸಣ್ಣದಿದ್ದರೆ ಗೆರೆಗಳು ಫಿಲ್ಮಿನ ಆಚೆಯೆಲ್ಲೋ ಸೇರುತ್ತವೆ. ಅದಕ್ಕೇ ಪ್ರತಿಯೊಂದಕ್ಕೂ ಲಂಬ ಎಳೆದು, ಆ ಲಂಬಗಳು ಸೇರುವಲ್ಲಿ ಅಳೆಯುವುದು ರೂಢಿ. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕವೇ ಸಾಕು. ಈಗ ಕಂಪ್ಯೂಟರಿನಲ್ಲೂ ಮಾಡುತ್ತಾರೆ.

ತೊಡಕು ಬರುವುದು ಮಣಿಯ ಆಯ್ಕೆಯಲ್ಲಿ. ಈ ಹುಡುಗಿಯ ಜನವರಿ ವರದಿಯಲ್ಲಿ ಎದೆಭಾಗದ 6ನೇ ಮಣಿಯಿಂದ 12ನೆಯದರವರೆಗೆ ಅಳೆದಿದ್ದರು, ಜುಲೈನಲ್ಲಿ 5ರಿಂದ 12. ಮತ್ತೊಬ್ಬ ವೈದ್ಯರು ಎರಡೂ ಫಿಲ್ಮ್ ಪಕ್ಕಪಕ್ಕ ಇಟ್ಟು ನೋಡಿದರಂತೆ. ಜನವರಿಯಲ್ಲಿ 12ನೇ ಮಣಿಯ ಓರೆ 12 ಡಿಗ್ರಿ, 6ನೆಯದು 10, ಕೂಡಿದರೆ 22. ಆದರೆ ಅದೇ ಫಿಲ್ಮಿನಲ್ಲಿ 5ನೇ ಮಣಿ 12 ಡಿಗ್ರಿ ವಾಲಿತ್ತು. ಅದನ್ನು ಹಿಡಿದರೆ 24! ಜುಲೈನಲ್ಲಿ 14 ಮತ್ತು 12, ಒಟ್ಟು 26. ಅಂದರೆ ವ್ಯತ್ಯಾಸ ನಾಲ್ಕಲ್ಲ, ಎರಡು. ಇಬ್ಬರು ನುರಿತವರು ಒಂದೇ ಫಿಲ್ಮ್ ಅಳೆದರೂ ಸುಮಾರು 5 ಡಿಗ್ರಿಯವರೆಗೆ ಹೆಚ್ಚುಕಮ್ಮಿ ಬರುವುದುಂಟು. ಹಾಗಾಗಿ ಎರಡು ಡಿಗ್ರಿಯಿಂದ ಬಾಗು ಹೆಚ್ಚಿದೆ ಎನ್ನಲಾಗದು. ಇನ್ನೊಂದು ಮಾತು: ಮಲಗಿಸಿ ತೆಗೆದ ಚಿತ್ರದಲ್ಲಿ ಬಾಗು ಕಡಿಮೆ ಕಾಣುತ್ತದೆ, ನಿಲ್ಲಿಸಿಯೇ ತೆಗೆಯಬೇಕು.

ಹಾಗಂತ 26 ಎಂಬುದನ್ನು ಮರೆತುಬಿಡುವಂತಿಲ್ಲ. 10ಕ್ಕಿಂತ ಕಡಿಮೆಯಿದ್ದರೆ ಸ್ಕೋಲಿಯೋಸಿಸ್ ಎನ್ನುವುದೇ ಇಲ್ಲ. ಬೆಳೆಯುವ ಮಕ್ಕಳಲ್ಲಿ 25ರ ಆಸುಪಾಸಿಗೆ ಬಂದರೆ ಬ್ರೇಸ್ ತೊಡಿಸುವ ಮಾತು ಬರುತ್ತದೆ. ಅದು ಬಾಗನ್ನು ನೆಟ್ಟಗೆ ಮಾಡಲಿಕ್ಕಲ್ಲ, ಮುಂದೆ ಹೋಗದಂತೆ ತಡೆಯಲಿಕ್ಕೆ. 45-50 ದಾಟಿದರೆ ಶಸ್ತ್ರಚಿಕಿತ್ಸೆಯ ವಿಚಾರ. ಬೆಳವಣಿಗೆ ಮುಗಿದ ಇಪ್ಪತ್ತರ ಯುವತಿಗೆ ಅದೇ 26 ಇದ್ದರೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಎಷ್ಟು ಬೆಳವಣಿಗೆ ಉಳಿದಿದೆ ಎಂಬುದಕ್ಕೆ ಸೊಂಟದ ಮೂಳೆಯ ಮೇಲಂಚಿನಲ್ಲಿ ಮೂಡುವ ಹೊಸ ಮೂಳೆಯ ಪಟ್ಟಿಯನ್ನು ನೋಡುತ್ತಾರೆ. ಅದನ್ನು ರಿಸ್ಸರ್ ಗುರುತು ಎನ್ನುತ್ತಾರೆ. ಈ ಹುಡುಗಿಯಲ್ಲಿ ಅದು ಈಗಷ್ಟೇ ಶುರುವಾಗಿದೆ.

ನಾಲ್ಕು ತಿಂಗಳಿಗೆ ಮತ್ತೆ ಬನ್ನಿ, ಆಮೇಲೆ ಬ್ರೇಸ್ ತೀರ್ಮಾನಿಸೋಣ ಎಂದಿದ್ದಾರಂತೆ ವೈದ್ಯರು. ಆಗ ಹಳೆಯ ಎರಡೂ ಫಿಲ್ಮ್ ಜೊತೆಗೆ ಒಯ್ಯಿರಿ ತಾಯಿ, ಬರೀ ವರದಿಯ ಹಾಳೆ ಸಾಲದು. ಅಳತೆ 5ರಿಂದ 12ನೇ ಮಣಿಯದ್ದೇ ಆಗಲಿ ಎಂದು ಕೇಳಿಕೊಳ್ಳಿ.