ಊದಿದರೆ ಸೊನ್ನೆ, ಕಣ್ಣಲ್ಲಿ ನಿದ್ದೆ

"ಅಣ್ಣಾ, ನೆಗಡಿ, ಕೆಮ್ಮು, ಮೈಕೈ ನೋವು. ಏನಾದ್ರೂ ಕೊಡಿ" ಎಂದು ಮೆಡಿಕಲ್ ಶಾಪಿನ ಮುಂದೆ ನಿಂತರೆ ಸಾಕು, ಒಂದು ಸ್ಟ್ರಿಪ್ ಮಾತ್ರೆ, ಒಂದು ಬಾಟಲಿ ಸಿರಪ್ ಕೈಗೆ ಬರುತ್ತದೆ. ಕೆಲವು ಸಿರಪ್ಪುಗಳಲ್ಲಿ ಆಲ್ಕೋಹಾಲ್ ಇರುತ್ತದೆಂಬುದು ಈಗ ಬಹಳ ಜನರಿಗೆ ಗೊತ್ತು. ಹಾಗಾಗಿ ಗಾಡಿ ಓಡಿಸುವವರು ಕೇಳುವ ಮೊದಲ ಪ್ರಶ್ನೆ, "ಇದನ್ನು ಕುಡಿದು ಹೊರಟರೆ ಪೊಲೀಸರ ಮೆಷಿನ್ ತೋರಿಸುತ್ತಾ?"

ಆ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು. ಶೇ 5ರಷ್ಟು ಆಲ್ಕೋಹಾಲ್ ಇರುವ ಸಿರಪ್ಪನ್ನು 10 ಮಿಲಿ ಕುಡಿದರೆ ಹೊಟ್ಟೆಗೆ ಹೋಗುವ ಆಲ್ಕೋಹಾಲ್ ಅರ್ಧ ಮಿಲಿ, ತೂಕದಲ್ಲಿ ಸುಮಾರು 0.4 ಗ್ರಾಂ. 70 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿ ಅದು ಹರಡಿಕೊಂಡರೆ 100 ಮಿಲಿ ರಕ್ತಕ್ಕೆ ಒಂದು ಮಿಲಿಗ್ರಾಂ ಕೂಡ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಸಿರಪ್ ಕುಡಿದ ಕೂಡಲೇ ಊದಿದರೆ ಮಾತ್ರ ಬಾಯಲ್ಲೇ ಉಳಿದ ಆವಿಯಿಂದ ಮೆಷಿನ್ ಹೆಚ್ಚು ತೋರಿಸಬಹುದು. ನೀರಿನಲ್ಲಿ ಬಾಯಿ ಮುಕ್ಕಳಿಸಿ ಕಾಲು ಗಂಟೆ ಬಿಟ್ಟು ಮತ್ತೆ ಊದಿದರೆ ಅದು ಇಳಿಯುತ್ತದೆ. ಹುದುಗಿಸಿ ಮಾಡುವ ಅರಿಷ್ಟ, ಆಸವಗಳಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 5ರಿಂದ 10ರವರೆಗೆ ಇರುತ್ತದೆ. ಹೇಳಿದ ಅಳತೆಯಲ್ಲಿ ಕುಡಿದರೆ ಅವುಗಳ ಲೆಕ್ಕವೂ ಮಿತಿಗಿಂತ ಬಹಳ ಕೆಳಗೇ ನಿಲ್ಲುತ್ತದೆ.

ಇಷ್ಟು ಕೇಳಿ ಸಮಾಧಾನಪಟ್ಟುಕೊಳ್ಳುವ ಚಾಲಕನ ಬಗ್ಗೆಯೇ ನನಗೆ ಆತಂಕ. ಅವನನ್ನು ಸ್ಟೇರಿಂಗ್ ಮುಂದೆ ತೂಕಡಿಸುವಂತೆ ಮಾಡುವ ವಸ್ತು ಬಹುಪಾಲು ಬೇರೆ. ಅದು ಆ ಸಿರಪ್ಪಿನಲ್ಲೂ ಇದೆ, ಜೊತೆಗೆ ನುಂಗಿದ ಮಾತ್ರೆಯಲ್ಲೂ ಇದೆ, ಯಾವ ಊದುವ ಮೆಷಿನ್ನಿಗೂ ಕಾಣುವುದಿಲ್ಲ.

ಅದರ ಹೆಸರು ಕ್ಲೋರ್‌ಫೆನಿರಮೈನ್ ಮೇಲಿಯೇಟ್. ಅಂಗಡಿಯವರ ಬಾಯಲ್ಲಿ ಸಿಪಿಎಂ. ಮೂಗು ಸೋರುವುದನ್ನು, ಸೀನನ್ನು, ತುರಿಕೆಯನ್ನು ತಡೆಯುವ ಹಳೆಯ ಕಾಲದ ಆಂಟಿಹಿಸ್ಟಮಿನ್ ಇದು. ಅಲರ್ಜಿ ಆದಾಗ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಮೂಗಿನಲ್ಲಿ ನೀರಿಳಿಸುತ್ತದೆ. ಮಾತ್ರೆ ಆ ಹಿಸ್ಟಮಿನ್ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ತೊಂದರೆ ಏನೆಂದರೆ, ಇದೇ ಹಿಸ್ಟಮಿನ್ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿ ಇಡುವ ಕೆಲಸ ಮಾಡುತ್ತದೆ. ಮಿದುಳಿನ ತಳಭಾಗದ ಹೈಪೊಥಲಮಸ್‌ನಲ್ಲಿರುವ ಒಂದು ಚಿಕ್ಕ ನರಕೋಶಗಳ ಗುಂಪು ಹಗಲೆಲ್ಲ ಹಿಸ್ಟಮಿನ್ ಕಳಿಸುತ್ತಾ ಮಿದುಳನ್ನು ಜಾಗೃತವಾಗಿಡುತ್ತದೆ. ಸಿಪಿಎಂ ಮಿದುಳಿನೊಳಕ್ಕೆ ಸುಲಭವಾಗಿ ನುಗ್ಗುವ ಔಷಧ. ಮೂಗಿನ ಜೊತೆ ಎಚ್ಚರವನ್ನೂ ಅದು ಮುಚ್ಚುತ್ತದೆ. ಡೈಫೆನ್‌ಹೈಡ್ರಮೀನ್, ಪ್ರೊಮೆಥಜೀನ್, ಹೈಡ್ರಾಕ್ಸಿಜೀನ್ ಇವೆಲ್ಲ ಇದೇ ಗುಂಪಿನವು.

ಆಲ್ಕೋಹಾಲ್ ಹಿಡಿಯುವ ದಾರಿ ಬೇರೆ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ಸಂಕೇತವನ್ನು ಅದು ಬಲಪಡಿಸುತ್ತದೆ. ಒಂದು ಎಚ್ಚರವನ್ನು ಕಡಿಮೆ ಮಾಡಿದರೆ ಇನ್ನೊಂದು ಮಂಪರನ್ನು ಹೆಚ್ಚಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಸಿರಪ್ಪಿನ ಆಲ್ಕೋಹಾಲ್ ಅಲ್ಪವಾದ್ದರಿಂದ ಅದು ಕೂಡಿಸುವುದೂ ಅಲ್ಪವೇ. ಆದರೆ ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ನೆಗಡಿಗೆ ಬ್ರಾಂಡಿಯಲ್ಲಿ ಕಾಳುಮೆಣಸಿನ ಪುಡಿ ಕಲಸಿ ಕುಡಿಯುವ ರೂಢಿ ಇದೆಯಲ್ಲ, ಅದರ ಮೇಲೆ ಮಾತ್ರೆಯನ್ನೂ ನುಂಗಿದಾಗ ಲೆಕ್ಕ ಬದಲಾಗುತ್ತದೆ. 30 ಮಿಲಿ ಬ್ರಾಂಡಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅಂದರೆ ಆ ಸಿರಪ್ ಡೋಸಿನ 25 ಪಟ್ಟು.

ಒಬ್ಬ ಚಾಲಕನ ಒಂದು ದಿನವನ್ನು ಊಹಿಸಿಕೊಂಡು ಲೆಕ್ಕ ಬಿಡಿಸೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಟೆಂಪೋದಲ್ಲಿ ಮಾಲು ಒಯ್ಯುವ ಮನುಷ್ಯ. ನೆಗಡಿ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ 2 ಮಿಲಿಗ್ರಾಂ ಸಿಪಿಎಂ ಇದೆ. ಸಿರಪ್ಪಿನ 5 ಮಿಲಿಯಲ್ಲಿ ಕೆಮ್ಮು ಅಡಗಿಸುವ ಡೆಕ್ಸ್‌ಟ್ರೊಮೆಥಾರ್ಫಾನ್ ಜೊತೆ 4 ಮಿಲಿಗ್ರಾಂ ಸಿಪಿಎಂ ಇದೆ. ಬೆಳಿಗ್ಗೆ ಎಂಟಕ್ಕೆ ಒಂದು ಮಾತ್ರೆ, 5 ಮಿಲಿ ಸಿರಪ್. ಮಧ್ಯಾಹ್ನ ಎರಡಕ್ಕೆ ಮತ್ತೆ ಅಷ್ಟೇ. ಹೊತ್ತಿಗೆ 6 ಮಿಲಿಗ್ರಾಂ ಆಯಿತು. ರಾತ್ರಿ ಎಂಟಕ್ಕೆ ಕೆಮ್ಮು ಜೋರಾಗಿ, ಅಳತೆಯ ಮುಚ್ಚಳ ಸಿಗದೆ ಬಾಟಲಿಯನ್ನೇ ಬಾಯಿಗಿಟ್ಟು 10 ಮಿಲಿಯಷ್ಟು ಕುಡಿದ, ಜೊತೆಗೆ ಮಾತ್ರೆ. ಇದು 10 ಮಿಲಿಗ್ರಾಂ. ಸಿಪಿಎಂ ಒಂದನ್ನೇ ಕೊಡುವಾಗ ದೊಡ್ಡವರಿಗೆ ಒಂದು ಹೊತ್ತಿಗೆ ಕೊಡುವುದು 4 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ 24. ದಿನದ ಮಿತಿಯನ್ನು ಇವನು ದಾಟಿಲ್ಲ, 22ರಲ್ಲಿ ನಿಂತಿದ್ದಾನೆ. ಆದರೆ ರಾತ್ರಿ ಒಂದೇ ಹೊತ್ತಿಗೆ ಎರಡೂವರೆ ಡೋಸು ನುಂಗಿದ್ದಾನೆ, ತಾನು ತಗೊಂಡಿದ್ದು ಎರಡು ಬೇರೆ ಬೇರೆ ಔಷಧ ಎಂದುಕೊಂಡಿದ್ದಾನೆ. ನೆಗಡಿ ಹೋಗಲೆಂದು 30 ಮಿಲಿ ಬ್ರಾಂಡಿಯನ್ನೂ ಅದೇ ಹೊತ್ತಿಗೆ ಕುಡಿದ.

ಬ್ರಾಂಡಿ ಅವನ ರಕ್ತದಲ್ಲಿ 20 ಮಿಲಿಗ್ರಾಂ ಆಸುಪಾಸಿಗೆ ಏರುತ್ತದೆ. ಅಂದರೆ ಕಾನೂನಿನ ಮಿತಿಯೊಳಗೇ. ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ದೇಹ ಅದನ್ನು ಕರಗಿಸುತ್ತದೆ. ಹತ್ತಕ್ಕೆ ಗಾಡಿ ಹೊರಟು, ಹನ್ನೊಂದರ ಹೊತ್ತಿಗೆ ಎಲ್ಲೋ ತಡೆದು ಊದಿಸಿದರೆ ಬರುವುದು ಸೊನ್ನೆ. ಪೊಲೀಸರು ಬಿಡುತ್ತಾರೆ. ಬಿಡಲೇಬೇಕು.

ಸಿಪಿಎಂ ಹಾಗೆ ಇಳಿಯುವುದಿಲ್ಲ. ದೊಡ್ಡವರ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚುಕಡಿಮೆ ಆಗುತ್ತದೆ. ಬೆಳಿಗ್ಗೆ ನುಂಗಿದ್ದರಲ್ಲೂ ಮೂರರಲ್ಲೆರಡು ಪಾಲು ರಾತ್ರಿಗೆ ಉಳಿದಿರುತ್ತದೆ. ಸ್ಥೂಲವಾಗಿ ಕೂಡಿಸಿದರೆ ಬೆಳಗಿನ ಜಾವ ಮೂರಕ್ಕೆ, ಗಾಡಿ ಹಿರಿಯೂರು ದಾಟಿ ಶಿರಾ ಕಡೆ ಹೋಗುವ ಹೊತ್ತಿಗೆ, 15 ಮಿಲಿಗ್ರಾಂ ಮಾತ್ರೆಯ ಸಮ ಅವನೊಳಗೆ ಇದೆ. ಆರೋಗ್ಯವಂತನಿಗೂ ರಾತ್ರಿ ಎರಡರಿಂದ ಐದರ ನಡುವೆ ಎಚ್ಚರ ತೀರಾ ಕೆಳಗಿಳಿಯುತ್ತದೆ. ಔಷಧದ ಮಂಪರು, ಜಾವದ ನಿದ್ದೆ, ನೆಗಡಿಯ ಆಯಾಸ ಮೂರೂ ಸೇರುವುದು ನಾಲ್ಕು ಪಥದ ಹೆದ್ದಾರಿಯ ನೇರ ರಸ್ತೆಯಲ್ಲಿ, ಕೈಗೆ ಕೆಲಸವೇ ಇಲ್ಲದ ಜಾಗದಲ್ಲಿ.

ನಿದ್ದೆ ಬಂದರೆ ನನಗೇ ಗೊತ್ತಾಗುತ್ತದಲ್ಲ, ಆಗ ನಿಲ್ಲಿಸುತ್ತೇನೆ ಎಂದು ಬಹಳ ಚಾಲಕರು ಹೇಳುತ್ತಾರೆ. ಈ ನಂಬಿಕೆಯನ್ನು ಪರೀಕ್ಷಿಸಿದ ಒಂದು ಪ್ರಯೋಗ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನಡೆದು 2000ದಲ್ಲಿ ಪ್ರಕಟವಾಯಿತು. ಅಲರ್ಜಿ ಇದ್ದ 40 ಜನರನ್ನು ಬೇರೆ ಬೇರೆ ದಿನ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಕೂರಿಸಿದರು. ಒಂದು ದಿನ 50 ಮಿಲಿಗ್ರಾಂ ಡೈಫೆನ್‌ಹೈಡ್ರಮೀನ್, ಒಂದು ದಿನ ಹೊಸ ತಲೆಮಾರಿನ ಫೆಕ್ಸೊಫೆನಡೀನ್, ಒಂದು ದಿನ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂಗೆ ಏರುವಷ್ಟು ಆಲ್ಕೋಹಾಲ್, ಒಂದು ದಿನ ಔಷಧವಿಲ್ಲದ ಸುಳ್ಳು ಮಾತ್ರೆ. ನಮ್ಮ ಮಿತಿಯ ಮೂರು ಪಟ್ಟು ಕುಡಿದವರಿಗಿಂತಲೂ ಡೈಫೆನ್‌ಹೈಡ್ರಮೀನ್ ನುಂಗಿದವರ ಚಾಲನೆ ಕೆಟ್ಟದಾಗಿತ್ತು. ಫೆಕ್ಸೊಫೆನಡೀನ್ ತಗೊಂಡವರು ಸುಳ್ಳು ಮಾತ್ರೆ ತಗೊಂಡವರಂತೆಯೇ ಓಡಿಸಿದರು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಿದ್ದೆ ಎಷ್ಟು ಬರುತ್ತಿದೆ ಎಂದು ಅವರೇ ಹೇಳಿದ್ದಕ್ಕೂ ಅವರ ಚಾಲನೆ ಎಷ್ಟು ಕೆಟ್ಟಿತ್ತು ಎಂಬುದಕ್ಕೂ ತಾಳೆ ಸರಿಯಾಗಿ ಬೀಳಲಿಲ್ಲ. ಸಿಮ್ಯುಲೇಟರ್ ಹೆದ್ದಾರಿಯಲ್ಲ, ಡೈಫೆನ್‌ಹೈಡ್ರಮೀನ್ ಸಿಪಿಎಂ ಅಲ್ಲ, ದಿನವೂ ನುಂಗುವವರಿಗೆ ಕೆಲವು ದಿನಗಳಲ್ಲಿ ಮಂಪರು ಸ್ವಲ್ಪ ತಗ್ಗುವುದೂ ಉಂಟು. ಆದರೂ "ನನಗೆ ಗೊತ್ತಾಗುತ್ತೆ" ಎಂಬ ಮಾತನ್ನು ನೆಚ್ಚಿಕೊಂಡು ಸ್ಟೇರಿಂಗ್ ಹಿಡಿಯಬಾರದೆಂದು ಈ ಪ್ರಯೋಗ ಸ್ಪಷ್ಟವಾಗಿ ಹೇಳುತ್ತದೆ.

ವಿಮಾನ ಓಡಿಸುವವರ ವಿಷಯದಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಇದನ್ನು ಬಹಳ ಗಟ್ಟಿಯಾಗಿ ಹಿಡಿದಿದೆ. ಡೈಫೆನ್‌ಹೈಡ್ರಮೀನ್ ನುಂಗಿದ ಪೈಲಟ್ 60 ಗಂಟೆ, ಸಿಪಿಎಂ ನುಂಗಿದವರು 5 ದಿನ ಕಾಯಬೇಕು. ರಸ್ತೆಯ ಚಾಲಕರಿಗೆ ಅಷ್ಟು ಕಾಯಿರಿ ಎಂದು ಯಾರೂ ಹೇಳಲಾರರು. ಆದರೆ ರಾತ್ರಿ ನುಂಗಿದ ಮಾತ್ರೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೂ ಒಳಗಿರುತ್ತದೆ ಎಂಬ ತಿಳಿವಳಿಕೆ ಶಾಲಾ ವಾಹನದ ಚಾಲಕರಿಗೆ, ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವ ಅಮ್ಮನಿಗೆ ಇರಲೇಬೇಕು.

ಕಾನೂನೇನೂ ಕಣ್ಣುಮುಚ್ಚಿಲ್ಲ. ಅದೇ 185ನೇ ಕಲಂ, ವಾಹನವನ್ನು ಹತೋಟಿಯಲ್ಲಿಡಲಾರದಷ್ಟು ಯಾವುದೇ ಔಷಧದ ಪ್ರಭಾವದಲ್ಲಿ ಓಡಿಸುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ರಸ್ತೆಯಲ್ಲಿ ಊದಿಸುವ ಯಂತ್ರ ಮಾತ್ರ ಆಲ್ಕೋಹಾಲ್ ಒಂದನ್ನೇ ಬಲ್ಲದು.

ಪರೀಕ್ಷೆ ಹಾಗಾಗಿ ಅಂಗಡಿಯ ಕೌಂಟರಿನಲ್ಲೇ ನಡೆಯಬೇಕು. ಸ್ಟ್ರಿಪ್ಪಿನ ಹಿಂಬದಿ, ಬಾಟಲಿಯ ಲೇಬಲ್ ಎರಡರಲ್ಲೂ ಔಷಧಗಳ ಹೆಸರು ಅಚ್ಚಾಗಿರುತ್ತದೆ. ಶೇ 3 ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದನ್ನೂ ಲೇಬಲ್ ಮೇಲೆ ಬರೆಯಬೇಕೆಂದು ನಿಯಮವಿದೆ. ಎರಡರಲ್ಲೂ ಒಂದೇ ಆಂಟಿಹಿಸ್ಟಮಿನ್ ಕಂಡರೆ ಒಂದನ್ನು ವಾಪಸು ಕೊಡಿ. ಅಲರ್ಜಿಯ ಸೀನಾದರೆ ಫೆಕ್ಸೊಫೆನಡೀನ್, ಲೊರಾಟಡೀನ್, ಬಿಲಾಸ್ಟೀನ್‌ನಂಥವುಗಳ ಬಗ್ಗೆ ಡಾಕ್ಟರನ್ನು ಕೇಳಬಹುದು. ಸೆಟಿರಿಜೀನ್, ಲೆವೊಸೆಟಿರಿಜೀನ್ ಹಳೆಯವುಗಳಷ್ಟು ಅಲ್ಲದಿದ್ದರೂ ಕೆಲವರಿಗೆ ಚೆನ್ನಾಗಿಯೇ ನಿದ್ದೆ ತರಿಸುತ್ತವೆ. ಮಾಮೂಲಿ ನೆಗಡಿಗೆ ಈ ಹೊಸ ಮಾತ್ರೆಗಳಿಂದ ಹೆಚ್ಚೇನೂ ಆಗುವುದಿಲ್ಲ. ಜ್ವರ, ನೋವಿಗೆ ಬರಿ ಪ್ಯಾರಸಿಟಮಾಲ್, ಮೂಗಿಗೆ ಉಪ್ಪುನೀರಿನ ಹನಿ, ದೊಡ್ಡವರ ಕೆಮ್ಮಿಗೆ ಜೇನುತುಪ್ಪ ಇಷ್ಟರಲ್ಲೇ ಬಹುಪಾಲು ನೆಗಡಿಗಳು ವಾರದಲ್ಲಿ ಹೋಗುತ್ತವೆ. ಕೊಡೀನ್ ಇರುವ ಸಿರಪ್ ಬರೆದುಕೊಟ್ಟಿದ್ದರೆ ಅದನ್ನು ಕುಡಿಯುವಷ್ಟು ದಿನ ಗಾಡಿ ಮುಟ್ಟಬೇಡಿ.

ಈಗಾಗಲೇ ನುಂಗಿ ಹೊರಟಿದ್ದೀರಿ ಎಂದಾದರೆ, ಗಾಡಿ ಬಿಳಿ ಗೆರೆಯ ಮೇಲೆ ಹತ್ತಿ ಇಳಿಯುತ್ತಿದ್ದರೆ, ಕಳೆದ ಎರಡು ಕಿಲೋಮೀಟರ್ ಹೇಗೆ ಬಂದೆ ಎಂಬುದು ನೆನಪಾಗದಿದ್ದರೆ, ಆಗಲೇ ಕಣ್ಣು ತೆರೆದೇ ಒಂದೆರಡು ಕ್ಷಣ ನಿದ್ದೆ ಹೋಗಿರುವ ಸಾಧ್ಯತೆ ಇದೆ. ಚಹಾ, ಕಾಫಿ ಔಷಧವನ್ನು ಹೊರಹಾಕುವುದಿಲ್ಲ. ಮುಖಕ್ಕೆ ನೀರು, ಕಿಟಕಿಯ ಗಾಳಿ ಕೆಲವು ನಿಮಿಷಕ್ಕೆ ಮಾತ್ರ. ಬಂಕಿನಲ್ಲೋ ಢಾಬಾದಲ್ಲೋ ಗಾಡಿ ನಿಲ್ಲಿಸಿ ಬೆಳಗಾಗುವವರೆಗೆ ಮಲಗಿ, ಅಥವಾ ಜೊತೆಯವರ ಕೈಗೆ ಕೀಲಿ ಕೊಡಿ. ಗಾಡಿಗಳ ಮಾಲೀಕರೇ, ನೆಗಡಿ ಹಿಡಿದ ಚಾಲಕ ಒಂದು ರಾತ್ರಿ ರಜೆ ಕೇಳಿದರೆ ಕೊಡಿ. ಮುಂದಿನ ಸಲ ನೆಗಡಿ ಬಂದಾಗ ಔಷಧ ಕೊಡುವವರಿಗೆ ಬೆಲೆ ಕೇಳುವ ಮೊದಲು ಇಷ್ಟು ಹೇಳಿ: "ಅಣ್ಣಾ, ನಾನು ಗಾಡಿ ಓಡಿಸಬೇಕು. ಇದರಲ್ಲಿ ಸಿಪಿಎಂ ಇದೆಯಾ, ನೋಡಿ ಹೇಳಿ."