ಹುರುಳಿ, ರಾಗಿ ಮತ್ತು ಒಂದು ಚಮಚ ಉಪ್ಪು

ಬೆಳಗು ಹರಿಯುವ ಮೊದಲೇ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಗೆ, ಠಾಣೆಯ ಉಪವನ ಕೆರೆಯ ದಂಡೆಗೆ ಓಟಗಾರರು ಇಳಿಯುತ್ತಾರೆ. ಅವರಲ್ಲಿ ಕೆಲವರು ವೀಗನ್‌ಗಳು. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟವರು. ಹೀಗೆ ಉಂಡು ದೇಹ ದಂಡಿಸಲು ಸಾಧ್ಯವೇ ಎಂಬ ಅನುಮಾನಕ್ಕೆ ಮುಂಬಯಿಯ ಪರ್ವತಾರೋಹಿ ಕುಂತಲ್ ಜೋಯಿಶರ್ 2016ರಲ್ಲೇ ಎವರೆಸ್ಟ್ ಏರಿ ಉತ್ತರ ಕೊಟ್ಟರು. 2019ರಲ್ಲಿ ಹಕ್ಕಿಯ ಗರಿ ಬಳಸದ ಉಡುಪು ತೊಟ್ಟು ಟಿಬೆಟ್ ಕಡೆಯಿಂದ ಮತ್ತೊಮ್ಮೆ ಏರಿದರು. ಇನ್ನು ಉಳಿದಿರುವುದು ಅಡುಗೆಮನೆಯ ಲೆಕ್ಕ.

ಆ ಲೆಕ್ಕಕ್ಕಾಗಿ ಡೊಂಬಿವಲಿಯ ಒಬ್ಬ ಕನ್ನಡತಿಯನ್ನು ಊಹಿಸಿಕೊಳ್ಳೋಣ. ತೂಕ 60 ಕೆ.ಜಿ., ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆದಿದೆ, ವಾರಕ್ಕೆ ಐದು ದಿನ ಓಟ. ಓಡದವರಿಗೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಈಕೆಗೆ ಸುಮಾರು 1.5 ಗ್ರಾಂ ಬೇಕು, ಅಂದರೆ ದಿನಕ್ಕೆ 90 ಗ್ರಾಂ. ಅನ್ನ, ಚಪಾತಿ, ರಾಗಿ ರೊಟ್ಟಿ ಸೇರಿ 28 ಗ್ರಾಂ ಕೊಡುತ್ತವೆ. ತೊಗರಿಬೇಳೆ, ಹುರುಳಿ, ಹೆಸರುಕಾಳು ತಲಾ 50 ಗ್ರಾಂ ಬಳಸಿದರೆ 34 ಗ್ರಾಂ ಆಗುತ್ತದೆ. ಒಂದು ಹಿಡಿ ಶೇಂಗಾ, ಒಂದೂವರೆ ಚಮಚ ಎಳ್ಳು ಇನ್ನೊಂದು ಹತ್ತು ಗ್ರಾಂ ಸೇರಿಸುತ್ತವೆ. ಇಷ್ಟೆಲ್ಲ ಕೂಡಿಸಿದರೂ ಮೊತ್ತ 72ಕ್ಕೆ ನಿಲ್ಲುತ್ತದೆ. ಕೊರತೆ ತುಂಬುವುದು 40 ಗ್ರಾಂ ಒಣ ಸೋಯಾ ಚಂಕ್ಸ್. ಅದರಲ್ಲಿ ಅರ್ಧದಷ್ಟು ಬರೀ ಪ್ರೋಟೀನ್. ಬೇಳೆಯಲ್ಲಿ ಕಡಿಮೆ ಇರುವ ಅಮೈನೋ ಆಮ್ಲ ಅನ್ನದಲ್ಲಿದೆ, ಅನ್ನದಲ್ಲಿ ಕಡಿಮೆ ಇರುವುದು ಬೇಳೆಯಲ್ಲಿದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ಅದೇ ದಿನ ಹೊಟ್ಟೆ ಸೇರಿದರೆ ಆಯಿತು. ಪ್ರೋಟೀನಿನ ವಿಚಾರ ಇಷ್ಟೇ. ಜನ ಅತಿ ಹೆಚ್ಚು ಚಿಂತಿಸುವುದು ಇದಕ್ಕೆ, ಅತಿ ಸುಲಭದ್ದೂ ಇದೇ.

ಕಬ್ಬಿಣ ಹಾಗಲ್ಲ. ಮುಟ್ಟಾಗುವ ವಯಸ್ಸಿನ ಭಾರತೀಯ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕೆಂಬುದು ಅದೇ ಸಂಸ್ಥೆಯ ಶಿಫಾರಸು. ಅಂಕಿ ಇಷ್ಟು ದೊಡ್ಡದಾಗಲು ಕಾರಣವಿದೆ: ಕಾಳು, ಧಾನ್ಯಗಳ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಸಣ್ಣ ಪಾಲು ಮಾತ್ರ. ಕಾಳಿನ ಸಿಪ್ಪೆ, ತೌಡಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ, ಸತು ಎರಡನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಾಳು ಮೊಳಕೆಯೊಡೆಯುವಾಗ ಅದರೊಳಗಿನ ಕಿಣ್ವವೇ ಆ ಹಿಡಿತವನ್ನು ಕತ್ತರಿಸುತ್ತದೆ. ಈ ಕೆಲಸ ಠಾಣೆ, ಕಲ್ಯಾಣದ ಮನೆಗಳಲ್ಲಿ ಮೊದಲಿನಿಂದಲೂ ನಡೆದಿದೆ. ಮರಾಠಿ ನೆರೆಮನೆಯ ಉಸಳ್ ಎಂದರೆ ಮೊಳಕೆ ಬರಿಸಿದ ಮಡಕೆಕಾಳಿನ ಪಲ್ಯ. ನಮ್ಮ ಹುರುಳಿ ಇಲ್ಲಿನ ಅಂಗಡಿಯಲ್ಲಿ ‘ಕುಳೀಥ’, ರಾಗಿ ‘ನಾಚಣಿ’. ಹುರುಳಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಟ್ಟರೆ ಕರಾವಳಿಯ ಸೆಖೆಗೆ ಮೊಳಕೆ ತಾನಾಗಿ ಬರುತ್ತದೆ. ಇಡ್ಲಿ ದೋಸೆಯ ಹಿಟ್ಟು ಹುಳಿ ಬಂದಾಗಲೂ ಫೈಟೇಟ್ ಕಡಿಮೆಯಾಗುತ್ತದೆ. ಸತುವಿನ ಮಟ್ಟಿಗೆ ಇದೇ ಮುಖ್ಯ ಉಪಾಯ. ಅದಕ್ಕೆ ಎಳ್ಳು, ಕುಂಬಳಬೀಜ ಜೊತೆಯಾದರೆ ಒಳ್ಳೆಯದು.

ಮೊಳಕೆಯ ಪಲ್ಯಕ್ಕೆ ನಿಂಬೆ ಹಿಂಡಿದರೆ, ಪಕ್ಕದಲ್ಲೊಂದು ಸೀಬೆಹಣ್ಣು ಇಟ್ಟುಕೊಂಡರೆ, ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವ ರೂಪದಲ್ಲಿ ಉಳಿಸುತ್ತದೆ. ಇದೇ ಲಾಭವನ್ನು ಚಹಾ ಕಸಿಯುತ್ತದೆ. ಊಟದ ಜೊತೆಗೆ ಕುಡಿದ ಚಹಾ ಸಸ್ಯಮೂಲದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಬಲ್ಲದು. ಹಾಲು ಹಾಕದಿದ್ದರೂ ತೊಂದರೆ ತಪ್ಪದು, ಏಕೆಂದರೆ ಅಡ್ಡಿ ಮಾಡುವುದು ಎಲೆಯ ಒಗರು. ತಿಂಡಿಗೂ ಕಟಿಂಗ್ ಚಹಾಕ್ಕೂ ನಡುವೆ ಒಂದೂವರೆ ಗಂಟೆ ಬಿಡುವುದು ಕಬ್ಬಿಣದ ಮಾತ್ರೆ ನುಂಗುವುದಕ್ಕಿಂತ ಮೊದಲು ಮಾಡಬೇಕಾದ ಬದಲಾವಣೆ.

ಓಟಗಾರರಿಗೆ ಇನ್ನೊಂದು ತೊಡಕಿದೆ. ಕಠಿಣ ಓಟದ ಬಳಿಕ ಮೂರರಿಂದ ಆರು ಗಂಟೆಯ ಹೊತ್ತಿಗೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ, ಅದು ಕರುಳಿನಲ್ಲಿ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ಆರು ಗಂಟೆಗೆ ಓಡಿ, ಲೋಕಲ್ ಹಿಡಿದು ಆಫೀಸು ಸೇರಿ, ಹನ್ನೊಂದಕ್ಕೆ ಡಬ್ಬಿ ಬಿಚ್ಚಿದರೆ ಬಾಗಿಲು ಮುಚ್ಚಿದ ಹೊತ್ತಿಗೇ ಊಟ ಹೋದಂತೆ. ಓಡಿ ಬಂದ ಅರ್ಧ ಗಂಟೆಯೊಳಗೆ ಮೊಳಕೆ ಹುರುಳಿಯ ಪಲ್ಯ, ನಿಂಬೆರಸ ಹೊಟ್ಟೆ ಸೇರುವುದು ಜಾಣತನ.

ಕೊರತೆ ತಿಳಿಯುವುದು ಹೇಗೆ? ದಿನವೂ ಹತ್ತುವ ಸ್ಟೇಷನ್ ಸೇತುವೆ ಏದುಸಿರು ತರಿಸಿದರೆ, ಅದೇ ವೇಗಕ್ಕೆ ಎದೆಬಡಿತ ಏರಿದರೆ ಅನುಮಾನ ಪಡಬೇಕು. ಹಿಮೋಗ್ಲೋಬಿನ್ ಮಾತ್ರ ನೋಡಿದರೆ ಸಾಲದು. ಅದು ಇಳಿಯುವ ಮೊದಲೇ ದೇಹದ ದಾಸ್ತಾನು ಖಾಲಿಯಾಗಿರುತ್ತದೆ. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. ಕ್ರೀಡಾ ವೈದ್ಯರು 30ಕ್ಕಿಂತ ಕೆಳಗಿದ್ದರೂ ಎಚ್ಚರಿಸುತ್ತಾರೆ. ಜ್ವರ ಬಂದಾಗ, ದೊಡ್ಡ ಓಟದ ಮರುದಿನ ಈ ಅಂಕಿ ಸುಳ್ಳಾಗಿ ಏರಿರುತ್ತದೆ, ಹಾಗಾಗಿ ಎರಡು ಮೂರು ದಿನ ವಿಶ್ರಾಂತಿ ಪಡೆದು ರಕ್ತ ಕೊಡಬೇಕು. ಅದೇ ಸೂಜಿಗೆ ಬಿ12 ಪರೀಕ್ಷೆಯೂ ಆಗಲಿ. ಅದನ್ನು ನೆಚ್ಚಬಹುದಾದಷ್ಟು ಕೊಡುವ ಕಾಳಾಗಲಿ ಸೊಪ್ಪಾಗಲಿ ಇಲ್ಲ, ವೀಗನ್ ಆದವರಿಗೆ ಮಾತ್ರೆ ಅನಿವಾರ್ಯ.

ಕ್ಯಾಲ್ಸಿಯಂ ದಿನಕ್ಕೆ 1000 ಮಿ.ಗ್ರಾಂ ಬೇಕು. ಇಲ್ಲಿ ರಾಗಿಯೇ ಆಧಾರ: 100 ಗ್ರಾಂನಲ್ಲಿ ಸುಮಾರು 360 ಮಿ.ಗ್ರಾಂ. ಮೆಂತ್ಯಸೊಪ್ಪು, ನುಗ್ಗೆಸೊಪ್ಪು ಕೂಡ ಉದಾರಿಗಳು. ಪಾಲಕ್ ಮಾತ್ರ ಮೋಸ ಮಾಡುತ್ತದೆ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ನೂರರಲ್ಲಿ ಐದು ಪಾಲಷ್ಟೇ ದಕ್ಕುತ್ತದೆ. ಎಳ್ಳಿನ ದೊಡ್ಡ ಅಂಕಿಯನ್ನೂ ಪೂರ್ತಿ ನಂಬಬಾರದು. ಅದರ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟ್ ಜೊತೆ ಇದೆ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಂತೂ ಹೆಚ್ಚೇನೂ ಉಳಿಯುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಒಂದು ಲೋಟ ಇರಲಿ. ಸೇರಿಸಿದ ಪುಡಿ ತಳಕ್ಕಿಳಿಯುವುದರಿಂದ ಪೊಟ್ಟಣವನ್ನು ಚೆನ್ನಾಗಿ ಅಲ್ಲಾಡಿಸಿ ಬಗ್ಗಿಸಬೇಕು.

ಕೊನೆಯದು ಅಯೋಡಿನ್, ಎಲ್ಲರೂ ಮರೆಯುವಂಥದ್ದು. ಖಾಡಿಯ ದಂಡೆಯ ಕೋಳಿ ಕುಟುಂಬಗಳಿಗೆ ಅದು ಮೀನಿನಿಂದ ಬರುತ್ತದೆ, ಉಳಿದವರಿಗೆ ಹಾಲಿನಿಂದಲೂ ಒಂದಿಷ್ಟು. ವೀಗನ್ ಓಟಗಾರ್ತಿಗೆ ಉಳಿಯುವುದು ಉಪ್ಪು ಒಂದೇ. ಸಮುದ್ರದ ಉಪ್ಪಲ್ಲವೇ, ಅಯೋಡಿನ್ ಇದ್ದೇ ಇರುತ್ತದೆ ಎಂಬ ನಂಬಿಕೆ ತಪ್ಪು. ಭಾಯಂದರಿನ ಆಗರಗಳಲ್ಲಿ ಬಿಸಿಲಿಗೆ ಹರಳುಗಟ್ಟುವ ಉಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಸೈಂಧವ ಲವಣದಲ್ಲೂ ಅಷ್ಟೇ. ಅಯೋಡಿನ್ ಬೆರೆಸಿದ ಉಪ್ಪಿನಲ್ಲಿ ಗ್ರಾಹಕರ ಕೈ ಸೇರುವಾಗ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬುದು ನಿಯಮ. ದಿನದ ಅಗತ್ಯ 150. ಕನಿಷ್ಠ ಮಟ್ಟದ ಉಪ್ಪನ್ನು ಒಂದು ಚಮಚ, ಅಂದರೆ 5 ಗ್ರಾಂ ತಿಂದರೆ ಸಿಗುವುದು ಅರ್ಧ, 75. ಮೇಲಾಗಿ ಕುದಿಸಿದಾಗ ಒಂದು ಪಾಲು ಹಾರಿಹೋಗುತ್ತದೆ, ಬೆವರಿನಲ್ಲೂ ಸ್ವಲ್ಪ ಹೋಗುತ್ತದೆ. ಮೇ ತಿಂಗಳ ಠಾಣೆಯಲ್ಲಿ ಒಂದು ಗಂಟೆ ಓಡಿದವರು ಒಂದು ಲೀಟರ್ ಬೆವರು ಸುರಿಸುವುದು ಹೊಸತೇನಲ್ಲ.

ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಒಲೆ ಆರಿಸುವ ಹೊತ್ತಿಗೆ ಸಾರಿಗೆ ಹಾಕಬೇಕು. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಿದವರು, ಥೈರಾಯ್ಡ್ ತೊಂದರೆ ಇರುವವರು 150 ಮೈಕ್ರೋಗ್ರಾಂ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಕೆಲ್ಪ್ ಎಂಬ ಕಡಲಪಾಚಿಯ ಮಾತ್ರೆಗಳು ಬೇಡ, ಅವುಗಳಲ್ಲಿ ಅಯೋಡಿನ್ ಎಷ್ಟಿರುತ್ತದೆಂಬ ಹಿಡಿತವೇ ಇಲ್ಲದೆ ಅತಿಯಾಗಿ ಥೈರಾಯ್ಡ್ ಕೆಡಬಹುದು. ಮುಂದಿನ ಸಲ ಅಂಗಡಿಯಲ್ಲಿ ಉಪ್ಪಿನ ಪೊಟ್ಟಣ ಕೈಗೆತ್ತಿಕೊಂಡಾಗ ಹಿಂಬದಿ ತಿರುಗಿಸಿ, ಅಯೋಡಿನ್ ಎಂದು ಬರೆದಿದೆಯೇ, ತಯಾರಾದ ತಿಂಗಳು ಯಾವುದು ಎಂದು ಒಮ್ಮೆ ಓದಿ.