ಲಾಭಕ್ಕೆ ಬೀಳುವ ಬೀಗ

ಕಂಪನಿಯೊಂದು ತನ್ನ ಷೇರುದಾರರಿಗೆ ಬಂಡವಾಳವನ್ನು ವಾಪಸು ಕೊಡುತ್ತಿದೆ ಎಂದರೆ ಅದಕ್ಕೆ ಸಾಲ ಕೊಟ್ಟವರು ಕಿವಿ ನೆಟ್ಟಗೆ ಮಾಡಿಕೊಳ್ಳುವುದು ಸಹಜ. ಕಂಪನಿ ಮುಳುಗಿದರೆ ಮಾಲೀಕರ ಮನೆ, ಒಡವೆ ಯಾವುದಕ್ಕೂ ಸಾಲಗಾರರು ಕೈ ಹಾಕುವಂತಿಲ್ಲ. ಷೇರುದಾರರು ತಂದು ಹಾಕಿದ ಬಂಡವಾಳವೇ ಅವರಿಗಿರುವ ಆಸರೆ. 1887ರಲ್ಲಿ ಇಂಗ್ಲೆಂಡಿನಲ್ಲಿ, ಫ್ಲಾನೆಲ್ ಬಟ್ಟೆ ತಯಾರಿಸುತ್ತಿದ್ದ ಕಂಪನಿಯೊಂದು ತನ್ನದೇ ಷೇರುಗಳನ್ನು ಕೊಂಡುಕೊಂಡ ವಿವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಟ್ರೆವರ್ ವಿರುದ್ಧ ವಿಟ್‌ವರ್ತ್ ಎಂಬ ಆ ಮೊಕದ್ದಮೆಯಲ್ಲಿ, ಹಾಗೆ ಬಂಡವಾಳವನ್ನು ಷೇರುದಾರರಿಗೆ ಹಿಂದಿರುಗಿಸುವ ಅಧಿಕಾರ ಕಂಪನಿಗೆ ಇಲ್ಲವೆಂದು ತೀರ್ಪಾಯಿತು.

ಆದರೆ ಆದ್ಯತಾ ಷೇರು, ಅಂದರೆ ಪ್ರಿಫರೆನ್ಸ್ ಷೇರು, ಹುಟ್ಟುವಾಗಲೇ ವಾಪಸಾಗುವ ದಿನವನ್ನು ಹೊತ್ತು ಬರುತ್ತದೆ. ನಮ್ಮ 2013ರ ಕಂಪನಿಗಳ ಕಾಯಿದೆಯ 55ನೇ ಸೆಕ್ಷನ್ ಪ್ರಕಾರ ಇಂಥ ಷೇರನ್ನು 20 ವರ್ಷದೊಳಗೆ ತೀರಿಸಲೇಬೇಕು; ಮೂಲಸೌಕರ್ಯ ಯೋಜನೆಗಳಿಗೆ ಮಾತ್ರ ಇನ್ನಷ್ಟು ವಾಯಿದೆ ಉಂಟು. ಬಂಡವಾಳ ವಾಪಸು ಹೋಗಬೇಕು, ಸಾಲಗಾರರ ಆಸರೆಯೂ ಕರಗಬಾರದು. ಈ ಎರಡನ್ನೂ ಹೊಂದಿಸಲು ಕಾಯಿದೆ ಎರಡೇ ದಾರಿ ಬಿಟ್ಟಿದೆ. ಒಂದು, ಇದೇ ಉದ್ದೇಶಕ್ಕೆಂದು ಹೊಸ ಷೇರು ಹೊರಡಿಸಿ ಬಂದ ಹಣದಿಂದ ತೀರಿಸುವುದು. ಇನ್ನೊಂದು, ಡಿವಿಡೆಂಡ್ ಕೊಡಲು ಯೋಗ್ಯವಾದ ಲಾಭದಿಂದ ತೀರಿಸುವುದು. ಎರಡನೆಯದನ್ನು ಹಿಡಿದರೆ, ತೀರಿಸಿದ ಷೇರುಗಳ ಮುಖಬೆಲೆಯಷ್ಟು ಲಾಭವನ್ನು ‘ಬಂಡವಾಳ ವಿಮೋಚನಾ ಮೀಸಲು’ ಎಂಬ ಖಾತೆಗೆ ವರ್ಗಾಯಿಸಬೇಕು. ಎರಡು ದಾರಿಗಳನ್ನೂ ಬೆರೆಸಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಯಂತ್ರದ ಬಿಡಿಭಾಗ ತಯಾರಿಸುವ, ಷೇರು ಮಾರುಕಟ್ಟೆಯ ಹೊರಗಿರುವ ಸಣ್ಣ ಕಂಪನಿ ಎಂದಿಟ್ಟುಕೊಳ್ಳಿ. ಈಕ್ವಿಟಿ ಬಂಡವಾಳ ₹80 ಲಕ್ಷ, ಆದ್ಯತಾ ಷೇರು ಬಂಡವಾಳ ₹50 ಲಕ್ಷ. ಸಾಮಾನ್ಯ ಮೀಸಲು ₹28 ಲಕ್ಷ, ಲಾಭ-ನಷ್ಟ ಖಾತೆಯ ಶಿಲ್ಕು ₹15 ಲಕ್ಷ. ಬ್ಯಾಂಕಿನಲ್ಲಿರುವುದು ₹25 ಲಕ್ಷ ಮಾತ್ರ. ಇನ್ನೊಂದು ₹10 ಲಕ್ಷ ಹೂಡಿಕೆಯಲ್ಲಿದೆ. ಆದ್ಯತಾ ಷೇರುಗಳನ್ನು ಶೇ. 10 ಪ್ರೀಮಿಯಂ ಸೇರಿಸಿ ತೀರಿಸಬೇಕು, ಅಂದರೆ ಒಟ್ಟು ₹55 ಲಕ್ಷ ಬೇಕು. ಅದಕ್ಕಾಗಿ ಕಂಪನಿ ₹10 ಮುಖಬೆಲೆಯ 2 ಲಕ್ಷ ಹೊಸ ಈಕ್ವಿಟಿ ಷೇರುಗಳನ್ನು ತಲಾ ₹12ರಂತೆ ಹೊರಡಿಸುತ್ತದೆ.

ಬಂದ ₹24 ಲಕ್ಷ ಹೀಗೆ ದಾಖಲಾಗುತ್ತದೆ:

ಬ್ಯಾಂಕ್ ಖಾತೆ: ಡೆಬಿಟ್ ₹24 ಲಕ್ಷ
ಈಕ್ವಿಟಿ ಷೇರು ಬಂಡವಾಳ ಖಾತೆ: ಕ್ರೆಡಿಟ್ ₹20 ಲಕ್ಷ
ಸೆಕ್ಯುರಿಟೀಸ್ ಪ್ರೀಮಿಯಂ ಖಾತೆ: ಕ್ರೆಡಿಟ್ ₹4 ಲಕ್ಷ

ಮುಂದೆ ಹೂಡಿಕೆಯನ್ನು ಕೊಂಡ ಬೆಲೆಗೇ ಮಾರಿದರೆ ಬ್ಯಾಂಕಿಗೆ ₹10 ಲಕ್ಷ ಸೇರುತ್ತದೆ. ಆಮೇಲೆ ಆದ್ಯತಾ ಷೇರು ಬಂಡವಾಳ ಖಾತೆಯನ್ನು ₹50 ಲಕ್ಷಕ್ಕೂ, ವಿಮೋಚನಾ ಪ್ರೀಮಿಯಂ ಖಾತೆಯನ್ನು ₹5 ಲಕ್ಷಕ್ಕೂ ಡೆಬಿಟ್ ಮಾಡಿ, ಆದ್ಯತಾ ಷೇರುದಾರರ ಖಾತೆಗೆ ₹55 ಲಕ್ಷ ಕ್ರೆಡಿಟ್ ಮಾಡಬೇಕು. ಇಲ್ಲಿಂದಾಚೆ ಅವರ ಹೆಸರಿನಲ್ಲಿರುವುದು ಕೊಡಬೇಕಾದ ಬಾಕಿ.

ಆ ₹5 ಲಕ್ಷದ ಪ್ರೀಮಿಯಂ ಎಲ್ಲಿಂದ? ಈ ಕಂಪನಿ ‘ಇಂಡ್ ಎಎಸ್’ ಲೆಕ್ಕ ಮಾನದಂಡಗಳ ವ್ಯಾಪ್ತಿಗೆ ಬರದ ಸಣ್ಣ ಕಂಪನಿಯಾದ್ದರಿಂದ ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಯ ₹4 ಲಕ್ಷವನ್ನು ಬಳಸಿಕೊಳ್ಳಬಹುದು. ಉಳಿದ ₹1 ಲಕ್ಷ ಲಾಭ-ನಷ್ಟ ಖಾತೆಯಿಂದ ಬರುತ್ತದೆ. ಆ ಮಾನದಂಡಗಳನ್ನು ಪಾಲಿಸಬೇಕಾದ ದೊಡ್ಡ ಕಂಪನಿಗೆ, 2013ರ ಕಾಯಿದೆ ಬಂದ ಮೇಲೆ ಹೊರಡಿಸಿದ ಷೇರುಗಳ ಮಟ್ಟಿಗೆ, ಈ ಸೌಲಭ್ಯ ಇಲ್ಲ. ಪೂರ್ತಿ ಪ್ರೀಮಿಯಂ ಲಾಭದಿಂದಲೇ ಬರಬೇಕು.

ಈಗ ಮುಖ್ಯ ನಮೂದು. ತೀರಿಸಿದ ಮುಖಬೆಲೆ ₹50 ಲಕ್ಷ, ಅದರ ಜಾಗಕ್ಕೆ ಬಂದ ಹೊಸ ಷೇರುಗಳ ಮುಖಬೆಲೆ ₹20 ಲಕ್ಷ. ನಡುವಿನ ₹30 ಲಕ್ಷವನ್ನು ಲಾಭ ತುಂಬಿಕೊಡಬೇಕು:

ಸಾಮಾನ್ಯ ಮೀಸಲು ಖಾತೆ: ಡೆಬಿಟ್ ₹28 ಲಕ್ಷ
ಲಾಭ-ನಷ್ಟ ಖಾತೆ: ಡೆಬಿಟ್ ₹2 ಲಕ್ಷ
ಬಂಡವಾಳ ವಿಮೋಚನಾ ಮೀಸಲು ಖಾತೆ: ಕ್ರೆಡಿಟ್ ₹30 ಲಕ್ಷ

ಕೊನೆಗೆ ಷೇರುದಾರರಿಗೆ ₹55 ಲಕ್ಷ ಪಾವತಿಯಾದರೆ ಬ್ಯಾಂಕಿನಲ್ಲಿ ಉಳಿಯುವುದು ₹4 ಲಕ್ಷ.

ಮೀಸಲಿನ ನಮೂದಿನಲ್ಲಿ ಬ್ಯಾಂಕ್ ಖಾತೆಯ ಸುಳಿವೇ ಇಲ್ಲ ಎಂಬುದನ್ನು ಗಮನಿಸಿ. ₹30 ಲಕ್ಷವನ್ನು ಯಾರೂ ಎಲ್ಲಿಯೂ ತೆಗೆದಿಟ್ಟಿಲ್ಲ. ‘ಮೀಸಲು’ ಎಂದೊಡನೆ ತಿಜೋರಿಯಲ್ಲಿ ಕಟ್ಟಿಟ್ಟ ನೋಟಿನ ಕಂತೆಯನ್ನು ಊಹಿಸಿಕೊಳ್ಳುವವರು ಎಡವುವುದು ಇಲ್ಲೇ. ನಡೆದದ್ದು ಇಷ್ಟು: ಇಲ್ಲಿಯವರೆಗೆ ಡಿವಿಡೆಂಡಾಗಿ ಹಂಚಬಹುದಾಗಿದ್ದ ₹30 ಲಕ್ಷ ಲಾಭಕ್ಕೆ ಬೀಗ ಬಿತ್ತು. ಕಾಯಿದೆಯ ಕಣ್ಣಿನಲ್ಲಿ ಅದೀಗ ಬಹುಮಟ್ಟಿಗೆ ಪಾವತಿಯಾದ ಷೇರು ಬಂಡವಾಳದಂತೆಯೇ. ಹಂಚಲು ಉಳಿದ ಲಾಭ ₹12 ಲಕ್ಷ.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಕೂಡಿಸುವ ಲೆಕ್ಕ ಸಾಕು. ಮೊದಲು ಈಕ್ವಿಟಿ 80, ಆದ್ಯತಾ ಷೇರು 50, ಒಟ್ಟು ₹130 ಲಕ್ಷ. ಈಗ ಈಕ್ವಿಟಿ 100, ವಿಮೋಚನಾ ಮೀಸಲು 30, ಒಟ್ಟು ಅದೇ ₹130 ಲಕ್ಷ. ಬ್ಯಾಂಕಿನ ಹಣ ಕರಗಿದೆ ನಿಜ, ಆದರೆ ಮಾಲೀಕರು ಹಂಚಿಕೊಳ್ಳಲಾಗದ ಮೊತ್ತ ಒಂದು ಪೈಸೆಯೂ ಇಳಿದಿಲ್ಲ.

ಈ ಮೊತ್ತ ತಾಳೆಯಾಗದಿದ್ದರೆ ಹೆಚ್ಚಾಗಿ ಕಾರಣ ಒಂದೇ: ಹೊಸ ಷೇರಿನಿಂದ ಬಂದ ₹24 ಲಕ್ಷವನ್ನೂ 50ರಿಂದ ಕಳೆದು, ಮೀಸಲಿಗೆ ₹26 ಲಕ್ಷ ಸಾಕೆಂದುಕೊಳ್ಳುವುದು. ಆಗ ಒಟ್ಟು 126ಕ್ಕೆ ಇಳಿಯುತ್ತದೆ. ಆ ₹4 ಲಕ್ಷ ಆಗಲೇ ವಿಮೋಚನಾ ಪ್ರೀಮಿಯಂ ಕಟ್ಟಲು ಖರ್ಚಾಗಿದೆ. ಅದನ್ನೇ ಇನ್ನೊಮ್ಮೆ ಎಣಿಸಿದರೆ ಒಂದೇ ರೂಪಾಯಿಯಿಂದ ಎರಡು ಕೆಲಸ ಮಾಡಿಸಿದಂತೆ. ಸಾಲ ಎತ್ತಿ ಅಥವಾ ಡಿಬೆಂಚರ್ ಹೊರಡಿಸಿ ಷೇರು ತೀರಿಸಬಹುದಲ್ಲ ಎಂದು ಕೇಳುವವರೂ ಇದ್ದಾರೆ. ನಗದಿಗೇನೋ ಅದು ಆಗುತ್ತದೆ, ಆದರೆ ಮೀಸಲಿಗೆ ಹೋಗಬೇಕಾದ ಮೊತ್ತದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಜಮೀನು, ಕಟ್ಟಡದ ಬೆಲೆ ಏರಿಸಿ ಬರೆದು ಹುಟ್ಟಿಸಿದ ಮರುಮೌಲ್ಯಮಾಪನ ಮೀಸಲಿಗೂ ಇಲ್ಲಿ ಪ್ರವೇಶವಿಲ್ಲ, ಅದು ಡಿವಿಡೆಂಡ್ ಕೊಡಬಹುದಾದ ಲಾಭವಲ್ಲ. ಇನ್ನು, ಪೂರ್ತಿ ಹಣ ಪಾವತಿಯಾಗದ ಷೇರನ್ನು ತೀರಿಸುವಂತೆಯೇ ಇಲ್ಲ. ಉಳಿದ ಕಂತನ್ನು ಮೊದಲು ವಸೂಲು ಮಾಡಬೇಕು.

ಬೀಗ ಹಾಕಿದ ₹30 ಲಕ್ಷವನ್ನು ಬಳಸಲು ಸೆಕ್ಷನ್ 55 ಹೇಳುವ ಉಪಯೋಗ ಒಂದೇ, ಪೂರ್ಣ ಪಾವತಿಯಾದ ಬೋನಸ್ ಷೇರು ಕೊಡುವುದು. ನಮ್ಮ ಕಂಪನಿಯಲ್ಲಿ ಈಗ 10 ಲಕ್ಷ ಈಕ್ವಿಟಿ ಷೇರುಗಳಿವೆ. ಮೀಸಲನ್ನೆಲ್ಲ ಬಳಸಿದರೆ ಪ್ರತಿ ಹತ್ತು ಷೇರಿಗೆ ಮೂರು ಬೋನಸ್ ಷೇರು ಕೊಡಬಹುದು. ನಗದು ಹೊರಹೋಗುವುದಿಲ್ಲ; ಮೀಸಲು ನೇರವಾಗಿ ಷೇರು ಬಂಡವಾಳವಾಗಿ ಬದಲಾಗುತ್ತದೆ.

ಲಾಭವೂ ಇಲ್ಲ, ಹೊಸ ಷೇರು ಕೊಳ್ಳುವವರೂ ಇಲ್ಲ ಎಂಬ ಪರಿಸ್ಥಿತಿ ಬಂದರೆ? ಆಗ ಮೌಲ್ಯದಲ್ಲಿ ನಾಲ್ಕನೇ ಮೂರು ಭಾಗ ಆದ್ಯತಾ ಷೇರು ಹೊಂದಿದವರ ಒಪ್ಪಿಗೆ ಪಡೆದು, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಅನುಮೋದನೆಯೊಂದಿಗೆ, ಹಳೆಯ ಷೇರುಗಳ ಬದಲಿಗೆ ಹೊಸ ಆದ್ಯತಾ ಷೇರುಗಳನ್ನೇ ಕೊಟ್ಟು ವಾಯಿದೆ ಮುಂದೂಡಬಹುದು. ಒಪ್ಪದೆ ಉಳಿದವರ ಷೇರುಗಳನ್ನು ಮಾತ್ರ ಕೂಡಲೇ ತೀರಿಸುವಂತೆ ನ್ಯಾಯಮಂಡಳಿ ಆದೇಶಿಸುತ್ತದೆ.